0.87 ಬಂತು ಅಂತ ಮಾಡೆಲ್ ಒಳ್ಳೆಯದಾಯ್ತಾ? ಆರ್-ಸ್ಕ್ವೇರ್ ಓದುವ ಕ್ರಮ

ರಿಗ್ರೆಷನ್ ಓಡಿಸಿದ ತಕ್ಷಣ ನಮ್ಮ ಕಣ್ಣು ಹೋಗುವುದು ಒಂದೇ ಕಡೆ. ಆರ್-ಸ್ಕ್ವೇರ್ ಎಷ್ಟು ಬಂತು? 0.75 ಇದ್ದದ್ದು 0.87 ಆದರೆ ಖುಷಿ, ಇನ್ನೆರಡು ಕಾಲಂ ಸೇರಿಸಿ ಇನ್ನೂ ಸ್ವಲ್ಪ ಏರಿದರೆ ಇನ್ನೂ ಖುಷಿ. ನಾನು ಕೂಡ ತುಂಬಾ ದಿನ ಹೀಗೇ ಮಾಡುತ್ತಿದ್ದೆ. ಆ ಏರಿಕೆ ಎಲ್ಲಿಂದ ಬಂತು ಅಂತ ಒಂದು ಸಲ ಕೂತು ಕೈಯಲ್ಲಿ ಲೆಕ್ಕ ಹಾಕಿದ ಮೇಲೆ ಅಭ್ಯಾಸ ಬದಲಾಯಿತು. ಆ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡೋಣ.

ಡೇಟಾ ಹುಡುಕುವ ಕೆಲಸ ಇಲ್ಲ. ಆರ್ ಸಾಫ್ಟ್‌ವೇರ್ ಹಾಕಿಕೊಂಡರೆ ಅದರ ಜೊತೆಗೇ `mtcars` ಅನ್ನುವ ಡೇಟಾ ಬರುತ್ತದೆ. 1974ರಲ್ಲಿ ಅಮೆರಿಕದ ಮೋಟರ್ ಟ್ರೆಂಡ್ ಪತ್ರಿಕೆಯಿಂದ ತೆಗೆದುಕೊಂಡ 32 ಕಾರುಗಳ ವಿವರ ಅದರಲ್ಲಿದೆ. ನಮಗೆ ಬೇಕಾದದ್ದು ಮೈಲೇಜ್, ಅಂದರೆ `mpg`, ಒಂದು ಗ್ಯಾಲನ್‌ಗೆ ಎಷ್ಟು ಮೈಲಿ. ಉಳಿದ ಹತ್ತು ಕಾಲಂಗಳಲ್ಲಿ ಕಾರಿನ ತೂಕ `wt` (ಸಾವಿರ ಪೌಂಡ್ ಲೆಕ್ಕದಲ್ಲಿ), ಹಾರ್ಸ್‌ಪವರ್ `hp`, ಸಿಲಿಂಡರ್, ಗೇರ್, ಕಾರ್ಬ್ಯುರೇಟರ್ ಹೀಗೆ ಏನೇನೋ ಇವೆ. ಸರಾಸರಿ ಮೈಲೇಜ್ 20.09. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು ಎಂಟೂವರೆ ಕಿಲೋಮೀಟರ್, ಆಗಿನ ಕಾರುಗಳು ಹಾಗೇ ಕುಡಿಯುತ್ತಿದ್ದವು.

ಮೊದಲು ಆರ್-ಸ್ಕ್ವೇರನ್ನು ಕೈಯಲ್ಲಿ ಲೆಕ್ಕ ಹಾಕಿ

ಕಾರಿನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ, ಮೈಲೇಜ್ ಊಹಿಸಿ ಅಂದರೆ ಏನು ಹೇಳುತ್ತೀರಿ? ಸರಾಸರಿ ಹೇಳುತ್ತೀರಿ, 20.09. ಪ್ರತಿ ಕಾರಿಗೂ ಅದನ್ನೇ ಹೇಳಿ, ಎಷ್ಟು ತಪ್ಪಿತು ಅಂತ ನೋಡಿ, ಆ ತಪ್ಪುಗಳನ್ನು ವರ್ಗ ಮಾಡಿ ಕೂಡಿದರೆ 1126 ಬರುತ್ತದೆ. ಇದು ನಮ್ಮ ಶುರುವಿನ ಸಾಲ ಅಂದುಕೊಳ್ಳಿ.

ಈಗ ತೂಕ ಒಂದನ್ನೇ ಇಟ್ಟುಕೊಂಡು ಗೆರೆ ಎಳೆಯಿರಿ.

```r
m1 <- lm(mpg ~ wt, data = mtcars)
summary(m1)
```

ಸಿಗುವ ಗೆರೆ `mpg = 37.29 - 5.34*wt`. ತೂಕ ಸಾವಿರ ಪೌಂಡ್ ಜಾಸ್ತಿಯಾದರೆ ಮೈಲೇಜ್ ಸುಮಾರು 5.3 ಇಳಿಯುತ್ತದೆ. ಈ ಗೆರೆಯಿಂದ ಊಹಿಸಿದಾಗ ಉಳಿಯುವ ತಪ್ಪುಗಳ ವರ್ಗದ ಮೊತ್ತ 278.3. 1126ರ ಸಾಲದಲ್ಲಿ ಇನ್ನು ಉಳಿದಿರುವುದು 278.3, ಅಂದರೆ ಸುಮಾರು ಕಾಲು ಭಾಗ. ಮುಕ್ಕಾಲು ಭಾಗ ತೀರಿತು. ಆರ್-ಸ್ಕ್ವೇರ್ ಅಂದರೆ ಇಷ್ಟೇ:

```
R² = 1 - 278.3/1126 = 0.753
```

ಇದರಲ್ಲಿ ಒಂದು ವಿಷಯ ಗಮನಿಸಿ. ಗೆರೆ ಎಳೆಯುವುದಕ್ಕೆ ಬಳಸಿದ ಕಾರುಗಳೂ, ತಪ್ಪನ್ನು ಅಳೆದ ಕಾರುಗಳೂ ಒಂದೇ. ಪಾಠ ಹೇಳಿಕೊಟ್ಟ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟ ಹಾಗೆ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಆಮೇಲೆ ಬೇಕಂತಲೇ ಕಸ ಸೇರಿಸಿ ನೋಡಿ

ಹೊಸ ಕಾಲಂ ಸೇರಿಸಿದರೆ ಆರ್-ಸ್ಕ್ವೇರ್ ಇಳಿಯುವುದು ಸಾಧ್ಯವೇ ಇಲ್ಲ. ಕಾರಣ ಸರಳ. ಹೊಸ ಕಾಲಂ ಉಪಯೋಗಕ್ಕೆ ಬರದಿದ್ದರೆ ಲೆಕ್ಕ ಅದಕ್ಕೆ ಸೊನ್ನೆ ಕೊಟ್ಟು ಹಳೆಯ ಗೆರೆಯನ್ನೇ ಇಟ್ಟುಕೊಳ್ಳಬಹುದು, ಆಗ ತಪ್ಪು ಅಷ್ಟೇ ಇರುತ್ತದೆ. ಸೊನ್ನೆಗಿಂತ ಚೂರು ಆಚೀಚೆ ಸರಿದರೆ ತಪ್ಪು ಸ್ವಲ್ಪವಾದರೂ ಕಡಿಮೆಯಾಗುತ್ತದೆ ಅಂತಿದ್ದರೆ ಅಲ್ಲಿಗೇ ಸರಿಯುತ್ತದೆ. 32 ಕಾರುಗಳಲ್ಲಿ ಆಕಸ್ಮಿಕವಾಗಿ ಯಾವುದೋ ಒಂದಿಷ್ಟು ಹೊಂದಾಣಿಕೆ ಇದ್ದೇ ಇರುತ್ತದೆ ಅಲ್ವಾ, ಹಾಗಾಗಿ ನಿಜದಲ್ಲಿ ಯಾವಾಗಲೂ ಏರುತ್ತದೆ.

ಎಷ್ಟು ಏರುತ್ತದೆ ಅನ್ನುವುದೇ ಮುಖ್ಯ. ಕಾರಿನ ವಿವರ ಎಲ್ಲ ಬದಿಗಿಟ್ಟು, ಹತ್ತು ಕಾಲಂ ಸುಮ್ನೆ ರ್‍ಯಾಂಡಮ್ ಸಂಖ್ಯೆ ತುಂಬಿ, ಅದರಿಂದ ಮೈಲೇಜ್ ಊಹಿಸಿ. ಒಂದು ಸಲ ಅಲ್ಲ, ಸಾವಿರ ಸಲ.

```r
r2 <- replicate(1000, {
  kasa <- matrix(rnorm(320), 32, 10)
  summary(lm(mtcars$mpg ~ kasa))$r.squared
})
mean(r2)
```

ಸರಾಸರಿ 0.32ರ ಆಸುಪಾಸು ಬರುತ್ತದೆ. ಬರೀ ಕಸಕ್ಕೆ 0.32! ಇದಕ್ಕೆ ಕೋಡ್ ಕೂಡ ಬೇಕಿಲ್ಲ, ಕಸದ ಕಾಲಂಗಳ ಸಂಖ್ಯೆಯನ್ನು ಸಾಲುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿದರೆ ಸಾಕು, 10/31. ಇದೇ ಲೆಕ್ಕದಲ್ಲಿ 31 ಕಸದ ಕಾಲಂ ಹಾಕಿದರೆ ಆರ್-ಸ್ಕ್ವೇರ್ ಸರಿಯಾಗಿ 1. ಎಲ್ಲ ಕಾರುಗಳ ಮೈಲೇಜೂ ಚೂರೂ ತಪ್ಪದೆ ಬಂದುಬಿಡುತ್ತದೆ, ಕಾರಿನ ಬಗ್ಗೆ ಒಂದಕ್ಷರ ಗೊತ್ತಿಲ್ಲದೆ.

ಹಾಗಾಗಿ ಯಾರಾದರೂ 0.32 ಅಥವಾ 0.6 ಅಂತ ಹೇಳಿದರೆ ಮೊದಲು ಕೇಳಬೇಕಾದದ್ದು ಎಷ್ಟು ಸಾಲು, ಎಷ್ಟು ಕಾಲಂ ಅಂತ. 5000 ಸಾಲಿಗೆ ಹತ್ತು ಕಾಲಂ ಇದ್ದರೆ ಕಸದಿಂದ ಬರುವ ಪಾಲು ನಗಣ್ಯ. 32 ಸಾಲಿಗೆ ಹತ್ತು ಕಾಲಂ ಅಂದರೆ ಕಥೆಯೇ ಬೇರೆ.

ಈಗ ಮೂರು ಮಾಡೆಲ್ ಪಕ್ಕ ಪಕ್ಕ ಇಡಿ

```r
m2 <- lm(mpg ~ wt + hp, data = mtcars)
m10 <- lm(mpg ~ ., data = mtcars)
```

`m2`ದಲ್ಲಿ ತೂಕ ಮತ್ತು ಹಾರ್ಸ್‌ಪವರ್, `m10`ರಲ್ಲಿ ಹತ್ತೂ ಕಾಲಂ. `summary` ಹಾಕಿ ನೋಡಿದರೆ ಸಿಗುವುದು ಇದು:

| ಮಾಡೆಲ್ | ಉಳಿದ ತಪ್ಪು | ಆರ್-ಸ್ಕ್ವೇರ್ | ಅಡ್ಜಸ್ಟೆಡ್ |
|---|---|---|---|
| ತೂಕ ಮಾತ್ರ | 278.3 | 0.753 | 0.745 |
| ತೂಕ, ಹಾರ್ಸ್‌ಪವರ್ | 195.0 | 0.827 | 0.815 |
| ಹತ್ತೂ ಕಾಲಂ | 147.5 | 0.869 | 0.807 |

ಮೂರನೇ ಕಾಲಂ ಓದಿದರೆ ಹತ್ತರ ಮಾಡೆಲ್ ಗೆದ್ದಿದೆ. ನಾಲ್ಕನೆಯದು ಓದಿದರೆ ಎರಡರ ಮಾಡೆಲ್. ಅಡ್ಜಸ್ಟೆಡ್ ಆರ್-ಸ್ಕ್ವೇರ್ "ಕಾಲಂ ಜಾಸ್ತಿಯಾದರೆ ದಂಡ ಹಾಕುತ್ತದೆ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ದಂಡ ಎಷ್ಟು, ಅಷ್ಟೇ ಯಾಕೆ ಅಂತ ಯಾರೂ ಹೇಳುವುದಿಲ್ಲ. ಅದನ್ನು ಇದೇ ಪಟ್ಟಿಯಿಂದ ಹಿಡಿಯಬಹುದು.

ಎರಡರಿಂದ ಹತ್ತಕ್ಕೆ ಹೋದಾಗ ಎಂಟು ಕಾಲಂ ಸೇರಿದವು. ಉಳಿದ ತಪ್ಪು 195.0ರಿಂದ 147.5ಕ್ಕೆ ಇಳಿಯಿತು, ಅಂದರೆ ಎಂಟೂ ಸೇರಿ 47.5 ತೀರಿಸಿದವು. ಕೇಳುವುದಕ್ಕೆ ಚೆನ್ನಾಗಿದೆ. ಈಗ ಅದರ ಬದಲು ಎಂಟು ಕಸದ ಕಾಲಂ ಸೇರಿಸಿದ್ದರೆ ಎಷ್ಟು ತೀರುತ್ತಿತ್ತು? 32 ಸಾಲುಗಳಲ್ಲಿ ಮೂರು ಸ್ವಾತಂತ್ರ್ಯವನ್ನು ಎರಡರ ಮಾಡೆಲ್ ಆಗಲೇ ಬಳಸಿದೆ, ತೂಕಕ್ಕೆ ಒಂದು, ಹಾರ್ಸ್‌ಪವರ್‌ಗೆ ಒಂದು, ಗೆರೆ ಶುರುವಾಗುವ ಜಾಗಕ್ಕೆ ಒಂದು. ಉಳಿದದ್ದು 29. ಉಳಿದ ತಪ್ಪು 195.0 ಈ 29ರಲ್ಲಿ ಹಂಚಿಕೊಂಡಿದೆ, ಒಂದೊಂದಕ್ಕೆ 6.73. ಒಂದು ಕಸದ ಕಾಲಂ ಸೇರಿಸಿದರೆ ಸರಾಸರಿ ಇಷ್ಟನ್ನು ಅದು ಪುಕ್ಕಟೆಯಾಗಿ ತೀರಿಸುತ್ತದೆ. ಎಂಟಕ್ಕೆ 53.8.

ಇನ್ನೊಮ್ಮೆ ನೋಡಿ. ಎಂಟು ಕಸದ ಕಾಲಂ ಸರಾಸರಿ 53.8 ತೀರಿಸುತ್ತವೆ. ಸಿಲಿಂಡರ್, ಗೇರ್, ಕಾರ್ಬ್ಯುರೇಟರ್ ಎಲ್ಲ ಸೇರಿದ ಎಂಟು ನಿಜವಾದ ಕಾಲಂ ತೀರಿಸಿದ್ದು 47.5. ಆರ್-ಸ್ಕ್ವೇರ್ 0.827ರಿಂದ 0.869ಕ್ಕೆ ಏರಿದ್ದು ಇಷ್ಟರಲ್ಲೇ! ಕಸ ಇದಕ್ಕಿಂತ ಜಾಸ್ತಿ ಏರಿಸುತ್ತಿತ್ತು.

ಅಡ್ಜಸ್ಟೆಡ್ ಸೂತ್ರ ಮಾಡುವುದು ಇದೇ ಲೆಕ್ಕ. ಒಟ್ಟು ಮೊತ್ತಗಳನ್ನು ಹೋಲಿಸುವ ಬದಲು, ತಲಾ ಎಷ್ಟು ಅಂತ ಹೋಲಿಸುತ್ತದೆ:

```
adjusted R² = 1 - (195.0/29) / (1126/31) = 1 - 6.73/36.3 = 0.815
adjusted R² = 1 - (147.5/21) / (1126/31) = 1 - 7.02/36.3 = 0.807
```

ಮೇಲಿನದು ಎರಡರ ಮಾಡೆಲ್, ಕೆಳಗಿನದು ಹತ್ತರದು. ಒಟ್ಟು ತಪ್ಪು ಕಡಿಮೆಯಾಯಿತು, ಆದರೆ ತಲಾ ತಪ್ಪು 6.73ರಿಂದ 7.02ಕ್ಕೆ ಏರಿತು. ಕಸ ಪುಕ್ಕಟೆಯಾಗಿ ಕೊಡುವಷ್ಟಕ್ಕಿಂತ ಜಾಸ್ತಿ ಕೊಟ್ಟರೆ ಮಾತ್ರ ಅಡ್ಜಸ್ಟೆಡ್ ಏರುತ್ತದೆ, ಕಡಿಮೆ ಕೊಟ್ಟರೆ ಇಳಿಯುತ್ತದೆ. ಈ ಒಂದು ವಾಕ್ಯ ಅರ್ಥವಾದರೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ.

ಇದರ ಅರ್ಥ ಸಿಲಿಂಡರ್ ಸಂಖ್ಯೆಗೂ ಮೈಲೇಜಿಗೂ ಸಂಬಂಧವಿಲ್ಲ ಅಂತಲ್ಲ. ಖಂಡಿತ ಇದೆ. ಆದರೆ ಭಾರದ ಕಾರಿಗೆ ದೊಡ್ಡ ಎಂಜಿನ್, ದೊಡ್ಡ ಎಂಜಿನ್‌ಗೆ ಜಾಸ್ತಿ ಸಿಲಿಂಡರ್. ಅದು ಹೇಳಬೇಕಾದದ್ದನ್ನು ತೂಕ ಮತ್ತು ಹಾರ್ಸ್‌ಪವರ್ ಮೊದಲೇ ಹೇಳಿ ಮುಗಿಸಿವೆ. ಹತ್ತೂ ಕಾಲಂ ಒಟ್ಟಿಗೆ ಮಾತಾಡಲು ಶುರು ಮಾಡಿದಾಗ ಯಾರ ಮಾತು ಯಾರದು ಅಂತ ಗೊತ್ತಾಗುವುದಿಲ್ಲ. ಇದು ಕಣ್ಣಿಗೆ ಕಾಣುತ್ತದೆ ಕೂಡ: ತೂಕ ಒಂದೇ ಇದ್ದಾಗ ಅದರ ಗುಣಾಂಕದ ಸ್ಟ್ಯಾಂಡರ್ಡ್ ಎರರ್ 0.56, ಹತ್ತು ಸೇರಿದಾಗ 1.89. ಮೂರು ಪಟ್ಟಿಗಿಂತ ಜಾಸ್ತಿ. `m10`ರ `summary`ಯಲ್ಲಿ ಹತ್ತು ಕಾಲಂಗಳ ಪಿ-ವ್ಯಾಲ್ಯೂ ಒಂದೊಂದಾಗಿ ನೋಡಿ, 0.05ರ ಒಳಗೆ ಒಂದೂ ಇಲ್ಲ. ಆರ್-ಸ್ಕ್ವೇರ್ 0.869, ಆದರೆ ಯಾವ ಕಾಲಂ ಕೆಲಸ ಮಾಡುತ್ತಿದೆ ಅಂತ ಮಾಡೆಲ್‌ಗೇ ಹೇಳಲು ಬರುತ್ತಿಲ್ಲ. ಇಂಥ ಜೋಡಿ ಕಂಡರೆ ಕಾಲಂಗಳು ಒಂದರ ಮೇಲೊಂದು ಬಿದ್ದಿವೆ ಅಂತ ತಿಳಿದುಕೊಳ್ಳಿ.

ಅಡ್ಜಸ್ಟೆಡ್ ಏರಿತು ಅಂತಲೂ ನಂಬಿಬಿಡಬೇಡಿ

ಕಸದ ಸರಾಸರಿಯನ್ನು ದಾಟಿದರೆ ಅಡ್ಜಸ್ಟೆಡ್ ಏರುತ್ತದೆ ಅಂದೆ. ಆದರೆ ಕಸವೂ ಕೆಲವು ಸಲ ತನ್ನ ಸರಾಸರಿಯನ್ನು ದಾಟುತ್ತದೆ ಅಲ್ವಾ? ಲೆಕ್ಕದಲ್ಲಿ ಹೇಳುವುದಾದರೆ, ಹೊಸ ಕಾಲಂನ ಟಿ-ವ್ಯಾಲ್ಯೂ (ಚಿಹ್ನೆ ಬಿಟ್ಟು) 1 ದಾಟಿದರೆ ಅಡ್ಜಸ್ಟೆಡ್ ಏರುತ್ತದೆ, ದಾಟದಿದ್ದರೆ ಇಳಿಯುತ್ತದೆ. ನಾವು ಸಾಮಾನ್ಯವಾಗಿ ಸುಮಾರು 2 ದಾಟಲಿ ಅಂತ ಕಾಯುತ್ತೇವೆ. 1 ಅನ್ನುವುದು ತೀರಾ ಸಡಿಲವಾದ ಜರಡಿ. ಪೂರ್ತಿ ಕಸದ ಕಾಲಂ ಕೂಡ ಸುಮಾರು ಮೂರರಲ್ಲಿ ಒಂದು ಸಲ ಅದನ್ನು ದಾಟಿಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹತ್ತು ಕಾಲಂಗಳಿಂದ 1023 ಬೇರೆ ಬೇರೆ ಮಾಡೆಲ್ ಮಾಡಬಹುದು. ಎಲ್ಲವನ್ನೂ ಓಡಿಸಿ ಅಡ್ಜಸ್ಟೆಡ್ ಜಾಸ್ತಿ ಇರುವುದನ್ನು ಎತ್ತಿಕೊಂಡರೆ, ಆ ಮಾಡೆಲ್‌ನ ಸೂತ್ರಕ್ಕೆ ಅದರೊಳಗಿನ ಕಾಲಂಗಳು ಮಾತ್ರ ಗೊತ್ತು, ನೀವು ಹಿಂದೆ ಬಿಸಾಕಿದ 1022 ಮಾಡೆಲ್‌ಗಳು ಗೊತ್ತಿಲ್ಲ. ಉದಾಹರಣೆಗೆ ಇದೇ ಡೇಟಾದಲ್ಲಿ `step(m10)` ಹಾಕಿದರೆ ಅದು ಬೇರೆ ಅಳತೆಯಿಂದ ಹುಡುಕಿ `wt + qsec + am` ಅನ್ನುವ ಮೂರರ ಮಾಡೆಲ್ ಕೊಡುತ್ತದೆ, ಅಡ್ಜಸ್ಟೆಡ್ 0.834. ಒಳ್ಳೆಯ ಮಾಡೆಲ್ ಇರಬಹುದು, ಆದರೆ ಅಷ್ಟೊಂದು ಹುಡುಕಿ ಆರಿಸಿದ ಮೇಲೆ ಆ 0.834ನ್ನು ಮುಖಬೆಲೆಗೆ ತೆಗೆದುಕೊಳ್ಳಬಾರದು. ವರದಿ ಬರೆಯುವಾಗ ಎಷ್ಟು ಮಾಡೆಲ್ ನೋಡಿ ಇದನ್ನು ಆರಿಸಿದೆ ಅಂತ ಒಂದು ಸಾಲು ಬರೆಯುವುದು ಓದುವವರಿಗೆ ನಾವು ಕೊಡಲೇಬೇಕಾದ ಮಾಹಿತಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸಂಖ್ಯೆ ಬಿಟ್ಟು ಚಿತ್ರ ನೋಡಿ

```r
plot(mtcars$wt, resid(m1)); abline(h = 0)
```

ಇದು ತೂಕ ಒಂದರ ಮಾಡೆಲ್ ಎಲ್ಲಿ ಎಷ್ಟು ತಪ್ಪಿತು ಅನ್ನುವ ಚಿತ್ರ. ತಪ್ಪುಗಳು ಗೆರೆಯ ಮೇಲೆ ಕೆಳಗೆ ಅಡ್ಡಾದಿಡ್ಡಿ ಚೆಲ್ಲಿರಬೇಕು. ಇಲ್ಲಿ ಹಾಗಿಲ್ಲ. ಎಡತುದಿಯಲ್ಲಿ ಹಗುರದ ಫಿಯಟ್ 128 ಮತ್ತು ಟೊಯೊಟಾ ಕೊರೊಲಾ ಊಹೆಗಿಂತ 6ಕ್ಕೂ ಹೆಚ್ಚು ಮೈಲಿ ಮೇಲಿವೆ. ಬಲತುದಿಯಲ್ಲಿ 5345 ಪೌಂಡಿನ ಕ್ರೈಸ್ಲರ್ ಇಂಪೀರಿಯಲ್‌ಗೆ ಗೆರೆ ಹೇಳುವುದು 8.7, ಅದು ನಿಜಕ್ಕೂ ಕೊಟ್ಟದ್ದು 14.7. ಎರಡು ತುದಿಯೂ ಮೇಲೆ, ನಡುವೆ ಕೆಳಗೆ ಜಗ್ಗಿದೆ. ಹಗ್ಗದ ಹಾಗೆ. ಅಂದರೆ ಸಂಬಂಧ ಬಾಗಿದೆ, ನಾವು ನೇರ ಕೋಲು ಇಟ್ಟು ಅಳೆಯುತ್ತಿದ್ದೇವೆ. 0.753 ಅನ್ನುವ ಸಂಖ್ಯೆಯಲ್ಲಿ ಇದರ ಸುಳಿವೇ ಇಲ್ಲ.

ಹಾಗಾದರೆ ಗೆರೆಯನ್ನು ಬಾಗಿಸಿ.

```r
mb <- lm(mpg ~ wt + I(wt^2), data = mtcars)
```

ಆರ್-ಸ್ಕ್ವೇರ್ 0.819, ಅಡ್ಜಸ್ಟೆಡ್ 0.807. ಈ ಎರಡನೇ ಸಂಖ್ಯೆ ಎಲ್ಲೋ ನೋಡಿದ ಹಾಗಿದೆಯಲ್ಲ? ಹತ್ತು ಕಾಲಂ ಹಾಕಿದಾಗ ಬಂದದ್ದೂ ಇದೇ 0.807. ತೂಕ ಒಂದನ್ನೇ ಇಟ್ಟುಕೊಂಡು ಗೆರೆಯನ್ನು ಸರಿಯಾಗಿ ಬಾಗಿಸಿದ್ದಕ್ಕೆ ಹತ್ತು ಕಾಲಂನಷ್ಟೇ ಬೆಲೆ ಸಿಕ್ಕಿತು. ಇದನ್ನು ಮೊದಲ ಸಲ ಕಂಡಾಗ ನಾನು ಕಾಲಂ ಹುಡುಕುವುದು ನಿಲ್ಲಿಸಿ ಚಿತ್ರ ನೋಡುವುದಕ್ಕೆ ಜಾಸ್ತಿ ಹೊತ್ತು ಕೊಡಲು ಶುರು ಮಾಡಿದೆ.

ಬಾಗಿದ ಗೆರೆಗೂ ಅದರದ್ದೇ ಮಿತಿ ಇದೆ. ಅದು ಇಳಿಯುತ್ತಾ ಬಂದು ಸುಮಾರು 5700 ಪೌಂಡಿನ ಹತ್ತಿರ ತಿರುಗಿ ಮೇಲೇರುತ್ತದೆ. ಅಲ್ಲಿಂದಾಚೆ ಕಾರು ಭಾರವಾದಷ್ಟೂ ಮೈಲೇಜ್ ಜಾಸ್ತಿ ಅನ್ನುತ್ತದೆ. ನಮ್ಮ ಡೇಟಾದ ಅತಿ ಭಾರದ ಕಾರು 5424 ಪೌಂಡ್, ಹಾಗಾಗಿ ಇಲ್ಲಿ ಬಚಾವಾದೆವು. ಇದೇ ಮಾಡೆಲ್ ಹಿಡಿದು ಟ್ರಕ್ಕಿನ ಮೈಲೇಜ್ ಊಹಿಸಲು ಹೋದರೆ ಆರ್-ಸ್ಕ್ವೇರ್ ಕಾಪಾಡುವುದಿಲ್ಲ.

ಸ್ಥಿರಾಂಕ ತೆಗೆದ ಮಾಡೆಲ್ ಬಂದರೆ ಎಚ್ಚರ

ಕೆಲವರು ಗೆರೆ ಸೊನ್ನೆಯಿಂದಲೇ ಶುರುವಾಗಲಿ ಅಂತ `- 1` ಹಾಕುತ್ತಾರೆ. ಹಾಕಿ ನೋಡಿ:

```r
summary(lm(mpg ~ wt - 1, data = mtcars))
```

ಆರ್-ಸ್ಕ್ವೇರ್ 0.72. ಪರವಾಗಿಲ್ಲ, 0.753ಕ್ಕಿಂತ ಸ್ವಲ್ಪ ಕಡಿಮೆ ಅಷ್ಟೇ ಅನ್ನಿಸುತ್ತದೆ. ಈಗ ತೂಕದ ಗುಣಾಂಕ ನೋಡಿ: +5.29. ಕಾರು ಭಾರವಾದಷ್ಟೂ ಮೈಲೇಜ್ ಏರುತ್ತದೆ ಅನ್ನುತ್ತಿದೆ, ಪೂರ್ತಿ ತಲೆಕೆಳಗು. ಅಡ್ಜಸ್ಟೆಡ್ ಕೂಡ 0.71 ಅಂತ ತೋರಿಸುತ್ತದೆ, ಅದೂ ಕೈಕೊಡುತ್ತದೆ.

ಆಗಿದ್ದೇನು ಅಂದರೆ, ಸ್ಥಿರಾಂಕ ತೆಗೆದ ಕೂಡಲೇ ಶುರುವಿನ ಸಾಲದ ಲೆಕ್ಕವೇ ಬದಲಾಯಿತು. ಮೊದಲು "ಎಲ್ಲ ಕಾರಿಗೂ 20.09" ಅನ್ನುವ ಊಹೆಗೆ ಹೋಲಿಸುತ್ತಿದ್ದೆವು, ಸಾಲ 1126. ಈಗ "ಎಲ್ಲ ಕಾರಿಗೂ ಸೊನ್ನೆ" ಅನ್ನುವ ಊಹೆಗೆ ಹೋಲಿಸುತ್ತಿದೆ, ಸಾಲ 14,042. ಅಷ್ಟು ದಡ್ಡ ಊಹೆಯ ಮುಂದೆ ಯಾವ ಗೆರೆಯೂ ಜಾಣನ ಹಾಗೆ ಕಾಣುತ್ತದೆ. ಇಂಥದ್ದನ್ನು ಹಿಡಿಯುವುದಕ್ಕೆ `summary`ಯಲ್ಲೇ ಇರುವ `Residual standard error` ಸಾಲು ಓದಿ. ಅದು ಮೈಲಿಯ ಲೆಕ್ಕದಲ್ಲೇ ಇರುತ್ತದೆ, ಊಹೆ ಸಾಮಾನ್ಯವಾಗಿ ಎಷ್ಟು ಮೈಲಿ ತಪ್ಪುತ್ತದೆ ಅಂತ ಹೆಚ್ಚುಕಮ್ಮಿ ಹೇಳುತ್ತದೆ. `m1`ಗೆ ಅದು 3.05. ಈ ಮಾಡೆಲ್‌ಗೆ 11.27. ಆರ್-ಸ್ಕ್ವೇರ್ ಎರಡಕ್ಕೂ ಹತ್ತಿರ ಹತ್ತಿರ, ತಪ್ಪು ಮೂರೂವರೆ ಪಟ್ಟಿಗಿಂತ ಜಾಸ್ತಿ.

ಇದೇ ಕಾರಣಕ್ಕೆ `mpg` ಊಹಿಸುವ ಮಾಡೆಲ್‌ನ ಆರ್-ಸ್ಕ್ವೇರನ್ನು `log(mpg)` ಊಹಿಸುವ ಮಾಡೆಲ್‌ನ ಆರ್-ಸ್ಕ್ವೇರ್ ಜೊತೆ ಇಟ್ಟು ತೂಗುವುದೂ ತಪ್ಪು. ಶುರುವಿನ ಸಾಲ ಬೇರೆ, ಅಳತೆಯ ಕೋಲು ಬೇರೆ.

ಕೊನೆಗೆ, ನೋಡದ ಕಾರಿನ ಮೇಲೆ ಪರೀಕ್ಷೆ ಮಾಡಿ

ಹೇಳಿಕೊಟ್ಟ ಲೆಕ್ಕವನ್ನೇ ಪರೀಕ್ಷೆಗೆ ಕೊಡುತ್ತಿದ್ದೇವೆ ಅಂತ ಮೊದಲು ಹೇಳಿದ್ದೆ. ಅದಕ್ಕೆ ಪರಿಹಾರ, ಒಂದು ಕಾರನ್ನು ಪಕ್ಕಕ್ಕಿಟ್ಟು ಉಳಿದ 31ರಿಂದ ಗೆರೆ ಎಳೆದು, ಪಕ್ಕಕ್ಕಿಟ್ಟ ಕಾರಿನ ಮೈಲೇಜ್ ಊಹಿಸುವುದು. ಹೀಗೆ 32 ಸಲ. ನೇರ ರಿಗ್ರೆಷನ್‌ನಲ್ಲಿ ಇದಕ್ಕೆ 32 ಸಲ ಓಡಿಸಬೇಕಾಗಿಯೂ ಇಲ್ಲ, ಒಂದೇ ಸಾಲಿನ ದಾರಿ ಇದೆ:

```r
loo <- function(m) sqrt(mean((resid(m) / (1 - hatvalues(m)))^2))
loo(m1); loo(m2); loo(m10)
```

ಬರುವ ಸಂಖ್ಯೆ ಮತ್ತೆ ಮೈಲಿಯಲ್ಲೇ. ತೂಕ ಒಂದರ ಮಾಡೆಲ್ ಸುಮಾರು 3.2 ಮೈಲಿ ತಪ್ಪುತ್ತದೆ, ತೂಕ ಮತ್ತು ಹಾರ್ಸ್‌ಪವರ್ ಇರುವುದು 3ರ ಒಳಗೇ ನಿಲ್ಲುತ್ತದೆ. 0.869 ಇದ್ದ ಹತ್ತರ ಮಾಡೆಲ್ ಸುಮಾರು 3.5 ತಪ್ಪುತ್ತದೆ. ಮೂರರಲ್ಲಿ ಆರ್-ಸ್ಕ್ವೇರ್ ಎಲ್ಲಕ್ಕಿಂತ ಜಾಸ್ತಿ ಇದ್ದದ್ದೇ ಹೊಸ ಕಾರಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಎಡವಿತು, ಬರೀ ತೂಕ ಗೊತ್ತಿದ್ದ ಮಾಡೆಲ್‌ಗಿಂತಲೂ. ಅಡ್ಜಸ್ಟೆಡ್ 0.807 ಮಾತ್ರ ನೋಡಿ ನಿಲ್ಲಿಸಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಹತ್ತರ ಮಾಡೆಲ್ ತೂಕ ಒಂದರದ್ದಕ್ಕಿಂತ (0.745) ಮುಂದೆಯೇ ಇತ್ತು.

ನಾನು ಈ ಡೇಟಾದ ಮೇಲೆ ವರದಿ ಬರೆಯುವುದಾದರೆ `m2` ಇಟ್ಟುಕೊಳ್ಳುತ್ತೇನೆ. ಆರ್-ಸ್ಕ್ವೇರ್ 0.83, ಅಡ್ಜಸ್ಟೆಡ್ 0.81, 32 ಕಾರು, ಎರಡು ಕಾಲಂ, ಪಕ್ಕಕ್ಕಿಟ್ಟ ಕಾರಿನ ಮೇಲೆ ಸುಮಾರು ಇಷ್ಟು ಮೈಲಿ ತಪ್ಪು ಅಂತ ಎಲ್ಲವನ್ನೂ ಒಂದೇ ಸಾಲಿನಲ್ಲಿ ಒಟ್ಟಿಗೆ ಬರೆಯುತ್ತೇನೆ. ಅದರ ಕೆಳಗೆ ತಪ್ಪುಗಳ ಚಿತ್ರವನ್ನೂ ಅಂಟಿಸುತ್ತೇನೆ, ಯಾಕೆಂದರೆ ಹಾರ್ಸ್‌ಪವರ್ ಸೇರಿಸಿದ ಮೇಲೂ ಆ ಬಾಗು ಪೂರ್ತಿ ಹೋಗಿದೆಯಾ ಇಲ್ಲವಾ ಅಂತ ಓದುವವರು ತಮ್ಮ ಕಣ್ಣಾರೆ ನೋಡಬೇಕು.